ಲೇ ಮಂಜಾ, ಸೋಮವಾರ ಬಾ, ಬರೇ ಅರ್ಧ ತಾಸು

ಮಂಜಾ, ಹೆಂಗದೀಪಾ? ಕೆಮ್ಮು ಕಡಿಮಿ ಆತೇನು? ನಿನ್ನೆ ಸಂಜಿಮುಂದ ಅಶೋಕ ಸರ್ಕಲ್ ಹತ್ರ ನಾ ಕೈ ಎತ್ತೂದ್ರೊಳಗ ನೀ ಬೈಕ್ ಜವಾಹರ ರೋಡ್ ಕಡೆ ತಿರುಗಿಸಿ ಹೋಗಿಬಿಟ್ಟಿ. ಹೆಲ್ಮೆಟ್ ಹಾಕ್ಕೊಂಡಿದ್ದಿ, ನಾ ಕಾಣಿಸಿರಾಕಿಲ್ಲ ಅಂತ ಮೊದ್ಲ ಅನಿಸ್ತು, ಆದ್ರ ಬಜಾರಕ್ಕ ಹೋಗಾಕ ನೀ ಯಾವತ್ತು ಹೆಲ್ಮೆಟ್ ಹಾಕ್ಕೊಂಡೀಲೇ? ಇರ್ಲಿ, ಬೈಯಾಕ ಮೆಸೇಜ್ ಮಾಡಿಲ್ಲ. ಉದ್ದ ಆಕ್ಕೈತಿ, ಚಾ ಕುಡ್ಕೋಂತ ಓದು. ವಾಯ್ಸ್ ಮೆಸೇಜ್ ಹಾಕೂಣು ಅಂದ್ರ ಮನ್ಯಾಗ ಮಿಕ್ಸರ್ ಹಚ್ಚ್ಯಾರ.

ಎರಡು ವಾರ ಜಿಮ್‌ಗೆ ಯಾಕ ಬರ್ಲಿಲ್ಲ ಅಂತ ಕೇಳಾಂಗಿಲ್ಲ, ಎಲ್ಲಾ ಗೊತ್ತೈತಿ ನಂಗ. ಗವಿಮಠದ ಜಾತ್ರಿ ಅಂದ್ರ ಕೊಪ್ಪಳದಾಗ ಯಾರಿಗಿ ಜಿಮ್ ನೆನಪಿರ್ತೈತಿ. ದಾಸೋಹದಾಗ ಮಿರ್ಚಿ ಕರಿಯೂ ದಿನ ನಿನ್ನ ನೋಡಿದ್ನೆಪಾ, ಮೊಣಕೈ ತನಕ ಕಡ್ಲಿಹಿಟ್ಟು, ಹುಬ್ಬಿನ ಮ್ಯಾಲೂ ಹಿಟ್ಟು, ಎರಡೂ ಕೈಯಾಗ ಬಕೆಟ್ ಹಿಡ್ಕೊಂಡು ಕಡಾಯಿ ಸಾಲಿನ್ಯಾಗ ಓಡಾಡಾಕತ್ತಿದ್ದಿ, ಆ ಹೊಗಿಯಾಗ ಕಣ್ಣೀರು ಬೇರೆ ಸುರೀತಿತ್ತು. ಲಕ್ಷಗಟ್ಲೆ ಮಿರ್ಚಿ ಕರಿಯೂ ಜಾಗದಾಗ ಮುಂಜಾನಿಂದ ನಿಂತಾವಗ ಯಾವ ಫಾರ್ಮರ್ಸ್ ವಾಕ್ ಬೇಕಾಗೇತಿ? ನಾ ಅಂತೂ ಅದನ್ನ ವರ್ಕೌಟ್ ಲೆಕ್ಕಕ್ಕ ಹಿಡದೀನಿ. ಆಮ್ಯಾಲೆ ಮನಿಗೆ ಬೀಗರು ಬಂದ್ರು, ಅವ್ರನ್ನ ಜಾತ್ರಿ ಒಳಗ ತಿರುಗ್ಯಾಡಿಸಿ ಕಳಿಸೂದ್ರಾಗ ಆ ಧೂಳಿಗೆ ನೆಗಡಿ ಹಿಡಕೊಂತು, ಜ್ವರ ಬಂತು, ಹಿಂಗ ಎರಡು ವಾರ ಹೋದ್ವು. ಇದ್ರಾಗ ತಪ್ಪು ಏನೈತಿ ಹೇಳು.

ಆದ್ರ ಒಂದು ಮಾತು, ಸಿಟ್ಟಾಗಬ್ಯಾಡ. ಜ್ವರ ಬಿಟ್ಟು ನಾಕೈದು ದಿನ ಆತು ಅಂತ ನಿಮ್ಮ ತಮ್ಮ ಹೇಳಿದ. ಈಗ ನಿನ್ನ ಹಿಡದು ನಿಲ್ಲಿಸಿದ್ದು ನೆಗಡಿ ಅಲ್ಲ, ನಾಚಿಕಿ. ಇಷ್ಟ್ ದಿನ ಬಿಟ್ಟೀನಿ, ಈಗ ಹೆಂಗ ಮಾರಿ ತೋರಿಸ್ಲಿ, ಟ್ರೇನರ್ ಅಣ್ಣ ಏನಂತಾನ, ಆ ಹುಡುಗ್ರು ನಗ್ತಾರೇನು, ಇದ ಅಲ್ಲನು ನಿನ್ನ ತಲ್ಯಾಗ ಓಡಾಕತ್ತಿದ್ದು? ನಿಜ ಹೇಳ್ಲೇನು, ಯಾರಿಗೂ ಲಕ್ಷ್ಯ ಇಲ್ಲೋ ಮಾರಾಯಾ. ಟ್ರೇನರ್ ಅಣ್ಣ ಒಂದ್ಸಲ "ಎಲ್ಲಿ ನಿನ್ನ ಜೋಡಿ?" ಅಂದ, ನಾ ಜಾತ್ರಿ ಅನ್ನೂದ್ರೊಳಗ ಮತ್ತ ಫೋನ್ ನೋಡಾಕ ಹತ್ತಿದ. ಹೊಸ ವರ್ಷಕ್ಕ ಬಂದು ಕನ್ನಡಿ ಮುಂದ ಸಾಲು ಹಚ್ಚಿದ್ರಲ್ಲ, ಆ ಮಂದಿ ಅರ್ಧಕ್ಕರ್ಧ ಖಾಲಿ ಆಗ್ಯಾರ. ಈಗ ನಸಿಕ್ಲೆ ಹೋದ್ರ ಸ್ಕ್ವಾಟ್ ರ್‍ಯಾಕ್ ನಮ್ಮಪ್ಪನ ಆಸ್ತಿ ಇದ್ದಂಗ ಖಾಲಿ ಇರ್ತೈತಿ.

ಇನ್ನ ಮೈಯಾಗಿನ ಶಕ್ತಿ ಎಲ್ಲಾ ಹೋತು ಅಂತ ನೀ ತಿಳಕೊಂಡಿದ್ರ ಅದೂ ಸುಳ್ಳು. ಎರಡು ವಾರದಾಗ ತಾಕತ್ತು ಅಷ್ಟ್ ಸರಳ ಹೋಗಾಂಗಿಲ್ಲ, ಬಹುತೇಕ ಹಂಗ ಇರ್ತೈತಿ. ಮೊದ್ಲ ಇಳಿಯೂದು ದಮ್ಮು. ವ್ಯಾಯಾಮ ಬಿಟ್ಟ ಸ್ವಲ್ಪ ದಿನಕ್ಕ ರಕ್ತದಾಗಿನ ನೀರಿನಂಶ, ಪ್ಲಾಸ್ಮಾ ಅಂತಾರಲ್ಲ ಅದು, ಕಡಿಮಿ ಆಗಾಕ ಚಾಲೂ ಆಕ್ಕೈತಿ, ಅಷ್ಟ ಕೆಲಸಕ್ಕ ಹೃದಯ ಜಾಸ್ತಿ ಸಲ ಬಡೀಬೇಕಾಗ್ತೈತಿ, ಅದಕ್ಕ ಮೆಟ್ಲ ಹತ್ತಿದ್ರೂ ಉಸಿರು ಮ್ಯಾಲೆ ಬಂದಂಗ ಅನಸ್ತೈತಿ. ನಿಂಗಂತೂ ಜ್ವರ ಬ್ಯಾರೆ ಬಂದು ಹೋಗೇತಿ. ಆದ್ರ ಮೊದ್ಲ ಹೋಗಿದ್ದು ಮೊದ್ಲ ಬರ್ತೈತಿ, ಸ್ವಲ್ಪ ಓಡಾಡಾಕ ಹತ್ತಿದ್ರ ಸಾಕು. ಇನ್ನ ಟೀಶರ್ಟಿನ ತೋಳು ಸಡಿಲ ಆಗೇತಿ ಅಂತ ನಿಮ್ಮ ತಮ್ಮನ ಮುಂದ ಅಂದಿಯಂತ, ಅದು ಖಂಡ ಕರಗಿದ್ದಲ್ಲೋ. ಸ್ನಾಯು ಒಳಗ ಗ್ಲೈಕೋಜನ್ ಅದ್ರ ಜೋಡಿ ನೀರು ತುಂಬ್ಕೊಂಡಿರ್ತಾವು, ಕೆಲಸ ಇಲ್ಲಾಂದ್ರ ಅವು ಕಡಿಮಿ ಆಗಿ ಚಪ್ಪಟಿ ಕಾಣ್ತೈತಿ. ಎರಡು ಸಲ ಬಂದು ನಾಕು ಹೊತ್ತು ಸರಿ ಉಂಡ್ರ ತುಂಬ್ಕೊಂತೈತಿ, ಆಮ್ಯಾಲೆ ಮತ್ತ ಅದ ತೋಳು ಮಡಚಿ ಫೋಟೋ ಹಾಕಿ ತಲಿ ತಿನ್ನಾಕ ನೀ ಇದ್ದ ಇದ್ದಿ.

ಹಂಗಂತ ಬಂದ ಕೂಡ್ಲೆ ಎಪ್ಪತ್ತು ಕೆಜಿ ಹಾಕ್ತೀನಿ ಅಂದ್ರ ನಾ ಪ್ಲೇಟ್ ಮುಚ್ಚಿಡಾವ. ದೀಪಾವಳಿ ಆದ ಮ್ಯಾಲೆ ಏನ್ಮಾಡಿದ್ದಿ ನೆನಪೈತೇನು? ಬಿಟ್ಟಿದ್ದೆಲ್ಲಾ ಒಂದ ದಿನಕ್ಕ ವಸೂಲಿ ಮಾಡ್ತೀನಿ ಅಂತ ಸ್ಕ್ವಾಟ್ ಮ್ಯಾಲೆ ಸ್ಕ್ವಾಟ್ ಹೊಡದಿ, ಮರುದಿನ ಆಫೀಸಿನ ಮೆಟ್ಲ ಅಡ್ಡಡ್ಡ ಇಳಿಯಾಕತ್ತಿದ್ದಿ, ಪಾಯಖಾನಿಗೆ ಹೋಗಿ ಎದ್ದ ಬರಾಕ ನಲ್ಲಿ ಹಿಡ್ಕೊಂಡು ಒದ್ದಾಡೀನಿ ಅಂತ ನೀನ ಹೇಳಿ ನಗಿಸಿದ್ದಿ. ಆ ನೋವು ಅವತ್ತ ಬರಾಂಗಿಲ್ಲ, ಒಂದು ದಿನ ಬಿಟ್ಟು ಇಲ್ಲಾ ಎರಡು ದಿನಕ್ಕ ಜೋರು ಬರ್ತೈತಿ. ಅದಕ್ಕ ಎಲ್ಲಾರೂ ಮೋಸ ಹೋಗೂದು, ಮಾಡೂ ಹೊತ್ತಿನ್ಯಾಗ ಏನೂ ಅನಸಾಂಗಿಲ್ಲಲ್ಲ. ಮೊದ್ಲ ಸಲ ಹಗರ ಮಾಡಿದ್ರ ಸ್ನಾಯುಗೆ ರೂಢಿ ಆಗಿ ಮುಂದಿನ ಸಲ ಅಷ್ಟ್ ನೋಯಿಸಾಂಗಿಲ್ಲ. ಅವಾಗ ನೀ ಆ ನೋವಿಗೆ ಮತ್ತ ಒಂದು ವಾರ ಬಿಟ್ಟಿ, ಈ ಸಲ ಹಂಗ ಆಗೂದು ಬ್ಯಾಡ.

ಹಿಂಗ ಮಾಡೂಣು. ಸೋಮವಾರ ಬಾ, ಅರ್ಧ ತಾಸು ಅಂದ್ರ ಅರ್ಧ ತಾಸು, ಗಡಿಯಾರ ನೋಡಿ ನಾನ ಹೊರಗ ಎಳ್ಕೊಂಡು ಬರ್ತೀನಿ. ಮೊದ್ಲ ಹತ್ತು ನಿಮಿಷ ನಡಿಗಿ, ಭುಜ ಸೊಂಟ ಸಡಿಲ ಮಾಡ್ಕೊಳ್ಳೂದು. ಆಮ್ಯಾಲೆ ಸ್ಕ್ವಾಟ್ ನಲವತ್ತು ಕೆಜಿ, ಅಂದ್ರ ಇಪ್ಪತ್ತು ಕೆಜಿ ರಾಡಿಗೆ ಆ ಕಡೆ ಹತ್ತು ಈ ಕಡೆ ಹತ್ತು, ಎರಡ ಸೆಟ್. ಬೆಂಚ್ ನೀ ಐವತ್ತು ಮಾಡ್ತಿದ್ದಿ, ಮೂವತ್ತಕ್ಕ ಹಿಡಿಯೂಣು, ಅದೂ ಎರಡ ಸೆಟ್. ಇನ್ನೂ ನಾಕೈದು ಸಲ ಎತ್ತಬಹುದು ಅನ್ನೂದ್ರಾಗ ರಾಡ್ ಇಟ್ಟುಬಿಡಬೇಕು, "ಇಷ್ಟನ?" ಅಂತ ನಿಂಗ ಅನಸ್ತೈತಿ, ಅನಸ್ಲಿ, ಹಂಗ ಅನಸಬೇಕಂತನ ಅಷ್ಟ್ ಹಾಕೂದು. ಡೆಡ್‌ಲಿಫ್ಟ್ ಹೆಸರ ತಗೀಬ್ಯಾಡ ಈ ವಾರ. ಮಂಗಳವಾರ ಸುಮ್ಕ ಇರು. ಬುಧವಾರ ಮೈ ಹೆಂಗೈತಿ ನೋಡ್ಕೊಂಡು ಮತ್ತ ಅಷ್ಟ ಮಾಡೂಣು, ಇಲ್ಲಾ ಐದು ಕೆಜಿ ಏರಿಸೂಣು. ಶುಕ್ರವಾರ ಜಿಮ್ ಬ್ಯಾಡ, ಜಿಲ್ಲಾ ಸ್ಟೇಡಿಯಂಗೆ ಹೋಗೂಣು, ಒಂದು ನಿಮಿಷ ಓಡೂದು ಎರಡು ನಿಮಿಷ ನಡಿಯೂದು. ಓಡೂ ಹೊತ್ತಿನ್ಯಾಗ ನಿಮ್ಮ ಮ್ಯಾನೇಜರ್‌ಗೆ ನೀ ಬೈಯಬೇಕು, ಪೂರಾ ವಾಕ್ಯ ಉಸಿರು ಕಟ್ಟದಂಗ ಬೈಯಾಕ ಬಂತಂದ್ರ ಸ್ಪೀಡ್ ಸರಿ ಐತಿ ಅಂತ, ಮಾತು ತುಂಡ ತುಂಡ ಆತು ಅಂದ್ರ ನಡಿಯೂದು. ಎರಡ್ಮೂರು ವಾರದಾಗ ಹಳೇ ತೂಕಕ್ಕ ಬಂದೀವಂದ್ರ ಬರೂಣು, ಇನ್ನೊಂದು ವಾರ ಹಿಡದ್ರೂ ಯಾರಪ್ಪಂದ ಏನು ಗಂಟು ಹೋಗ್ತೈತಿ.

ಒಂದು ಮಾತ್ರ ಖಡಕ್ಕಾಗಿ ಹೇಳ್ತೀನಿ. ಮತ್ತ ಜ್ವರ ಬಂದ್ರ, ಇಲ್ಲಾ ಕೆಮ್ಮು ಎದಿ ಒಳಗಿಂದ ಬರಾಕತ್ತಿದ್ರ ಬರಾಕ ಹೋಗಬ್ಯಾಡ, ಇನ್ನೂ ನಾಕು ದಿನ ಮಲ್ಕೋ. ಎದಿ ನೋಯೂದು, ಎದಿ ಡಬಡಬ ಬಡ್ಕೊಳ್ಳೂದು, ಸುಮ್ಕ ಕುಂತಾಗೂ ಉಸಿರು ಸಾಲದಂಗ ಆಗೂದು, ಇವ್ರಾಗ ಏನಾರ ಇದ್ರ ಜಿಮ್‌ಗೆ ಅಲ್ಲ, ಡಾಕ್ಟರ್ ಹಂತ್ಯಾಕ ಹೋಗು, ಬೈಕ್ ನಾ ತರ್ತೀನಿ. ಬರೇ ಮೂಗು ಸೋರಾಕತ್ತಿದ್ರ ನಡೀತೈತಿ, ಕರ್ಚೀಫ್ ತಗೊಂಬಾ, ಬೆಂಚ್ ಒರಸು.

ಊಟದ್ದು ನಾ ಏನ್ ಹೇಳ್ಲಿ, ನಿಮ್ಮವ್ವನ ಕೈ ಊಟ ಉಂಡಾವಗ. ಜಾತ್ರಿ ಮಿರ್ಚಿ, ಮಾದ್ಲಿ ಎಲ್ಲಾ ಇಳಿಸ್ತೀನಿ ಅಂತ ಊಟ ಬಿಡೂ ಹುಚ್ಚಾಟ ಮಾತ್ರ ಬ್ಯಾಡ, ಖಾಲಿ ಹೊಟ್ಟಿಲೆ ಬಂದು ನೀ ರಾಡ್ ಕೆಳಗ ತಲಿ ತಿರುಗಿ ಬಿದ್ರ ನಿಮ್ಮವ್ವ ನನ್ನ ಬಿಡ್ತಾಳೇನು. ರೊಟ್ಟಿ, ಹೆಸರುಕಾಳು ಪಲ್ಲೆ, ಶೇಂಗಾ ಚಟ್ನಿ, ಮೊಸರು, ಎರಡು ತತ್ತಿ, ಇಷ್ಟ್ ಇದ್ರ ಈ ವಾರಕ್ಕ ರಗಡಾತು. ಆ ಪೌಡರ್ ಡಬ್ಬಿ ಮುಗದೇತಿ ಅಂತ ಹೊಸಾದು ತರಾಕ ಹೋಗಬ್ಯಾಡ, ಆ ರೊಕ್ಕದಾಗ ತಿಂಗಳ ಪೂರ್ತಿ ತತ್ತಿ ಬರ್ತಾವು. ನೀರು ಕುಡಿ. ಮುಂಜಾನಿ ಥಂಡಿ ಐತಿ ಖರೆ, ಆದ್ರ ಮಧ್ಯಾಹ್ನದ ಬಿಸಿಲು ಈಗ್ಲೇ ಚುರುಕು ಅನ್ನಾಕತ್ತೈತಿ, ನಮ್ಮ ಕಡೆ ಬ್ಯಾಸಗಿ ಯಾವಾಗ ಕ್ಯಾಲೆಂಡರ್ ನೋಡ್ಕೊಂಡು ಬಂದೈತಿ? ಮಾರ್ಚ್ ಆತಂದ್ರ ಏಳಕ್ಕ ಬೆವರು ಚಾಲೂ, ಅದ್ರೊಳಗ ನಿನ್ನ ದಮ್ಮು ವಾಪಸ್ ಬರ್ಲಿ ಅನ್ನೂದು ನನ್ನ ಲೆಕ್ಕ.

ಇದ್ರಾಗ ನನ್ನ ಸ್ವಾರ್ಥನೂ ಐತಿ, ಮುಚ್ಚಿಡೂದು ಯಾಕ. ನೀ ಇಲ್ಲದ ಬೆಂಚ್ ಪ್ರೆಸ್ಸಿನ ಕೊನೀ ಎರಡು ರೆಪ್ ನಾ ಮುಟ್ಟಾಕ ಹೋಗಿಲ್ಲ. ಸ್ಪಾಟ್ ಮಾಡಪಾ ಅಂತ ಒಬ್ಬ ಹುಡುಗನ್ನ ನಿಲ್ಲಿಸಿದ್ದೆ, ಕಾಲೇಜ್ ಹುಡುಗ, ಚಲೋನ ಅದಾನ, ಆದ್ರ ರಾಡ್ ನನ್ನ ಎದಿ ಮ್ಯಾಲೆ ನಡಗೂ ಹೊತ್ತಿನ್ಯಾಗ ಅಂವ ಕನ್ನಡ್ಯಾಗ ಕೂದ್ಲ ಸರಿ ಮಾಡ್ಕೊಳ್ಳಾಕತ್ತಿದ್ದ. ನೀ ಇದ್ರ ಎರಡು ಬೆರಳು ರಾಡಿನ ಕೆಳಗ ಇಟ್ಟು, ಎತ್ತಲಾರದ "ಇದು ನಿಂದ, ಇದು ನಿಂದ" ಅಂತ ಒದರ್ತಿ ನೋಡು, ಅದಕ್ಕ ಅದು ಮ್ಯಾಲೆ ಹೋಗೂದು. ನೋಟ್‌ಬುಕ್ಕಿನ್ಯಾಗ ನಿನ್ನ ಕಡೆ ಪೇಜ್ ಹಂಗ ಐತಿ. ಗೈರು ಗಿರು ಅಂತ ಏನೂ ಬರದಿಲ್ಲ, "ಜಾತ್ರಿ" ಅಂತ ಒಂದ ಶಬ್ದ ಬರದೀನಿ, ಅದ್ರ ಕೆಳಗಿನ ಸಾಲಿನ್ಯಾಗ ಸ್ಕ್ವಾಟ್ ನಲವತ್ತು ಅಂತ ಈಗ್ಲೇ ಪೆನ್ಸಿಲ್‌ಲೆ ಬರದಿಟ್ಟೀನಿ.

ಸೋಮವಾರ ಆಗಾಂಗಿಲ್ಲಂದ್ರ ಬುಧವಾರ ಅನ್ನು, ನಡೀತೈತಿ. ಬಂದು ಬರೇ ಹತ್ತು ನಿಮಿಷ ನಡದು ಹೊಳ್ಳಿ ಹೋಗ್ತೀನಿ ಅಂದ್ರೂ ನಡೀತೈತಿ, ಹೊರಗ ಮಂಡಕ್ಕಿ ಒಗ್ಗರಣಿ ನಾ ಕೊಡಿಸ್ತೀನಿ, ಮಿರ್ಚಿ ಮಾತ್ರ ಇಲ್ಲ, ನೀ ಈ ವರ್ಷದ ಕೋಟಾ ಮುಗಿಸೀದಿ. ಆದ್ರ ಮೆಸೇಜ್ ನೋಡಿ ಹೆಬ್ಬೆಟ್ಟು ಒತ್ತಿ ಸುಮ್ಕ ಆಗಬ್ಯಾಡಲೇ. ಹೂಂ ಅನ್ನು ಇಲ್ಲಾ ಉಹೂಂ ಅನ್ನು, ಅಷ್ಟ ಸಾಕು.

ಹೂಂ ಅಂದ್ರ ಐದೂವರಿಗೆ ನಿಮ್ಮ ಓಣಿ ಬಾಯಾಗ ಬೈಕ್ ನಿಲ್ಲಿಸಿ ಮಿಸ್ ಕಾಲ್ ಕೊಡ್ತೀನಿ, ಹಾರ್ನ್ ಹೊಡ್ಯಾಂಗಿಲ್ಲ, ಹೋದ್ಸಲ ನಿಮ್ಮ ಬಾಜೂ ಮನಿ ಅಜ್ಜ ಕೋಲ ಹಿಡ್ಕೊಂಡು ಹೊರಗ ಬಂದಿದ್ದ. ಟವೆಲ್ ಹೊಸಾದು ತಗೊಂಬಾ. ನಿನ್ನ ಹಳೇದು ನನ್ನ ಬ್ಯಾಗಿನ್ಯಾಗ ಉಳದಿತ್ತು, ನಮ್ಮವ್ವ ಅದನ್ನ ನೆಲ ಒರಸಾಕ ಹಚ್ಚ್ಯಾಳ, ಈಗ ವಾಪಸ್ ಕೇಳಿದ್ರ ನಂಗ ಉಳಿಗಾಲ ಇಲ್ಲ.

— ಬಸು