ಮಂಗಳೂರು ನಗರ ಮಲೇರಿಯಾ ನಿಯಂತ್ರಣ ಯೋಜನೆ 2026-27: ಸ್ವಾಟ್ ವಿಶ್ಲೇಷಣೆ ಮತ್ತು ಲಾಗ್‌ಫ್ರೇಮ್

ವ್ಯಾಪ್ತಿ

ಮಹಾನಗರ ಪಾಲಿಕೆಯ 60 ವಾರ್ಡ್‌ಗಳ ಪೈಕಿ ಬಹುಮಹಡಿ ಕಟ್ಟಡ ಕಾಮಗಾರಿ ಹೆಚ್ಚಿರುವ 12 ವಾರ್ಡ್‌ಗಳಿಗೆ ಮಾತ್ರ ಈ ಯೋಜನೆ. ಉಳಿದೆಡೆ ವಾಡಿಕೆಯ ಜ್ವರ ಸಮೀಕ್ಷೆ ಹಾಗೆಯೇ ನಡೆಯುತ್ತದೆ. ಇಡೀ ಜಿಲ್ಲೆಯನ್ನು ಒಂದೇ ಚೌಕಟ್ಟಿಗೆ ತುರುಕಿಲ್ಲ. ಸುಳ್ಯ, ಬೆಳ್ತಂಗಡಿ ಕಡೆ ರಬ್ಬರ್ ಹಾಲು ಹಿಡಿಯುವ ಗೆರಟೆಯಲ್ಲೂ ಬಿದ್ದ ಅಡಿಕೆ ಹಾಳೆಯಲ್ಲೂ ಹುಟ್ಟುವುದು ಡೆಂಗಿ ಹರಡುವ ಈಡಿಸ್. ಅದಕ್ಕೆ ಬೇರೆ ಯೋಜನೆಯೇ ಬೇಕು. ನಗರದ ಮಲೇರಿಯಾಕ್ಕೆ ಕಾರಣ ಅನಾಫಿಲಿಸ್ ಸ್ಟೀಫೆನ್ಸಿ. ಅದು ಓವರ್‌ಹೆಡ್ ಟ್ಯಾಂಕ್, ಬಾವಿ, ಲಿಫ್ಟ್ ಗುಂಡಿ, ಸ್ಲ್ಯಾಬ್ ಕ್ಯೂರಿಂಗ್‌ಗೆ ಕಟ್ಟಿದ ನೀರಿನಲ್ಲಿ ಮೊಟ್ಟೆ ಇಡುತ್ತದೆ.

ಸ್ವಾಟ್

*ಬಲ.* ವೆನ್ಲಾಕ್ ಜಿಲ್ಲಾ ಆಸ್ಪತ್ರೆಯೂ ಹಲವು ವೈದ್ಯಕೀಯ ಕಾಲೇಜುಗಳೂ ನಗರದೊಳಗೇ ಇವೆ. ರಕ್ತಲೇಪನ ಓದಬಲ್ಲ ತಂತ್ರಜ್ಞರಿಗೆ ಬರವಿಲ್ಲ. ಪ್ರಕರಣವನ್ನು ನಕ್ಷೆಯಲ್ಲಿ ಗುರುತಿಸಿ ಮನೆಬಾಗಿಲಿಗೆ ಹೋಗುವ ಪದ್ಧತಿ ಪಾಲಿಕೆಯ ಸಿಬ್ಬಂದಿಗೆ ಹೊಸದಲ್ಲ.

*ದೌರ್ಬಲ್ಯ.* ಹೊರಗುತ್ತಿಗೆಯ ವಿವಿಧೋದ್ದೇಶ ಆರೋಗ್ಯ ಕಾರ್ಯಕರ್ತರು, ಅಂದರೆ ಎಂಪಿಡಬ್ಲ್ಯುಗಳು, ವರ್ಷದ ನಡುವೆಯೇ ಬಿಟ್ಟುಹೋಗುತ್ತಾರೆ. ಶನಿವಾರ ಸಂಜೆ ಪಾಸಿಟಿವ್ ಬಂದ ಖಾಸಗಿ ಲ್ಯಾಬ್ ವರದಿ ಸೋಮವಾರ ಮಧ್ಯಾಹ್ನ ಕೈಸೇರುತ್ತದೆ. ಹಿಂದಿ, ಬಂಗಾಳಿ, ಒಡಿಯಾ ಬಲ್ಲ ಸಿಬ್ಬಂದಿ ಸಾಲದು. ಪ್ರೈಮಾಕ್ವಿನ್ ಮಾತ್ರೆ ರೋಗಿಗೆ ಸುರಕ್ಷಿತವೇ ಎಂದು ತಿಳಿಸುವ ಜಿ6ಪಿಡಿ ರಕ್ತಪರೀಕ್ಷೆ ಎಲ್ಲ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಿಗುವುದಿಲ್ಲ.

ಕರಡಿನಲ್ಲಿ 'ಜನರಲ್ಲಿ ಅರಿವಿನ ಕೊರತೆ' ಎಂದೂ ಬರೆದಿದ್ದರು, ತೆಗೆದಿದ್ದೇವೆ. ಅದು ಇಲಾಖೆಯೊಳಗಿನ ದೌರ್ಬಲ್ಯವಲ್ಲ, ಅದರಿಂದ ಯಾವ ಕೆಲಸವೂ ಹುಟ್ಟುವುದಿಲ್ಲ. ಕಾರ್ಮಿಕನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳುವವರಿಲ್ಲ ಎಂಬುದು ದೌರ್ಬಲ್ಯ, ಏಕೆಂದರೆ ಅದನ್ನು ನಾವೇ ಸರಿಪಡಿಸಬಹುದು.

*ಅವಕಾಶ.* ಕಟ್ಟಡ ಪರವಾನಗಿ ಪಾಲಿಕೆಯ ಕೈಯಲ್ಲೇ ಇದೆ. ನಮ್ಮಲ್ಲಿರುವ ಅತಿ ದೊಡ್ಡ ಹಿಡಿತ ಇದೇ, ಕರಪತ್ರಗಳಲ್ಲ. 2030ರೊಳಗೆ ಮಲೇರಿಯಾ ನಿರ್ಮೂಲನದ ರಾಷ್ಟ್ರೀಯ ಗುರಿ ಇರುವುದರಿಂದ ಬೇಡಿಕೆ ಮಂಡಿಸಲು ಆಧಾರವೂ ಇದೆ.

*ಆತಂಕ.* ಜ್ವರ ಇಳಿದ ಕೂಡಲೇ ಕಾರ್ಮಿಕ ಇನ್ನೊಂದು ಸೈಟಿಗೋ ಊರಿಗೋ ಹೊರಡುತ್ತಾನೆ. ಜೂನ್‌ನಿಂದ ಮಳೆ ಹಿಡಿದರೆ ಟೆರೇಸ್ ಏರುವುದೇ ಕಷ್ಟ. ಡೆಂಗಿ ಏರಿದಾಗ ಇದೇ ಸಿಬ್ಬಂದಿಯನ್ನು ಅತ್ತ ಎಳೆಯುತ್ತಾರೆ. ಆ ಆದೇಶ ಹೊರಡಿಸುವುದು ನಮ್ಮ ತಂಡವಲ್ಲ, ಹಾಗಾಗಿ ಇದನ್ನು ಆತಂಕದ ಮನೆಯಲ್ಲಿ ಇಟ್ಟಿದ್ದೇವೆ.

ಸ್ವಾಟ್‌ನಿಂದ ಲಾಗ್‌ಫ್ರೇಮಿಗೆ

ಗುರಿ, ಸೂಚಕ, ಪರಿಶೀಲನೆಯ ಆಧಾರ, ಊಹೆಗಳನ್ನು ಒಂದೇ ಕೋಷ್ಟಕದಲ್ಲಿ ಇಡುವ ಚೌಕಟ್ಟೇ ಲಾಗ್‌ಫ್ರೇಮ್. ಸ್ವಾಟ್‌ನ ಪ್ರತಿ ಸಾಲು ಅದರ ಯಾವುದಾದರೂ ಮನೆಗೆ ಹೋಗಬೇಕು. ದೌರ್ಬಲ್ಯ ಚಟುವಟಿಕೆಯಾಗುತ್ತದೆ, ಆತಂಕ ಊಹೆಯ ಕಾಲಮಿಗೆ ಇಳಿಯುತ್ತದೆ. ಎಲ್ಲಿಗೂ ಹೋಗದ ಸಾಲು ಅಲಂಕಾರಕ್ಕೆ ಬರೆದದ್ದು. ದೌರ್ಬಲ್ಯ ಮತ್ತು ಅವಕಾಶ ಸೇರುವಲ್ಲಿ ನಮ್ಮ ಮುಖ್ಯ ತಂತ್ರವಿದೆ: ಸಿಬ್ಬಂದಿ ಕಡಿಮೆ, ಪರವಾನಗಿಯ ಅಧಿಕಾರ ಇದೆ, ಆದ್ದರಿಂದ ಪ್ರತಿ ಸೈಟಿನಲ್ಲೂ ಬಿಲ್ಡರ್ ಒಬ್ಬ ನೀರು ಉಸ್ತುವಾರಿಯನ್ನು ನೇಮಿಸುವುದು ಪರವಾನಗಿಯ ಷರತ್ತಾಗಲಿ.

| ಹಂತ | ಸೂಚಕ | ಪರಿಶೀಲನೆಯ ಆಧಾರ | ಊಹೆ |
|---|---|---|---|
| ಗುರಿ: ನಗರದಲ್ಲಿ ಸ್ಥಳೀಯ ಮಲೇರಿಯಾ ಹರಡುವಿಕೆ ನಿಲ್ಲಬೇಕು | 12 ವಾರ್ಡ್‌ಗಳಲ್ಲಿ ಸ್ಥಳೀಯ ಪ್ರಕರಣ 2025-26ಕ್ಕಿಂತ ಶೇ. 50 ಕಡಿಮೆ | ಪ್ರಕರಣ ತನಿಖಾ ನಮೂನೆ, ವಾರ್ಷಿಕ ವರದಿ | — |
| ಉದ್ದೇಶ: ಸೋಂಕಿನ ಸರಪಳಿ ಒಂದು ವಾರದೊಳಗೆ ಕಡಿಯಬೇಕು | ಶೇ. 90 ಪ್ರಕರಣಗಳಲ್ಲಿ 1-3-7 ಪೂರ್ಣ | ದಿನಾಂಕ, ವೇಳೆ ಇರುವ ಡಿಜಿಟಲ್ ದಾಖಲೆ | ಪಕ್ಕದ ವಾರ್ಡ್‌ಗಳಲ್ಲಿ ದೊಡ್ಡ ಏಕಾಏಕಿ ಹರಡುವಿಕೆ ಇರುವುದಿಲ್ಲ |
| ಫಲಿತ 1: ಸೈಟುಗಳಲ್ಲಿ ಲಾರ್ವಾ ಇಲ್ಲ | ವಾರದ ಭೇಟಿಯಲ್ಲಿ ಲಾರ್ವಾ ಕಂಡ ಸೈಟು ಶೇ. 5ಕ್ಕಿಂತ ಕಡಿಮೆ | ಮೇಲ್ವಿಚಾರಕರ ಶೇ. 10 ಮರುಭೇಟಿ | ಷರತ್ತು ಮುರಿದವರ ಮೇಲೆ ಪಾಲಿಕೆ ಕ್ರಮ ಕೈಗೊಳ್ಳುತ್ತದೆ |
| ಫಲಿತ 2: ಖಾಸಗಿ ವರದಿ ತಡವಿಲ್ಲ | ಶೇ. 95 ಪಾಸಿಟಿವ್ 24 ಗಂಟೆಯೊಳಗೆ ದಾಖಲು | ಲ್ಯಾಬ್ ರಿಜಿಸ್ಟರ್‌ಗೆ ತಿಂಗಳ ತಾಳೆ | ಲ್ಯಾಬ್‌ಗಳು ರಿಜಿಸ್ಟರ್ ತೋರಿಸುತ್ತವೆ |
| ಫಲಿತ 3: ವೈವ್ಯಾಕ್ಸ್ ಬಗೆಯ ಮಲೇರಿಯಾದ ಚಿಕಿತ್ಸೆ ಪೂರ್ಣ | ಶೇ. 85 ಅರ್ಹ ರೋಗಿಗಳಿಗೆ 14 ದಿನದ ಪ್ರೈಮಾಕ್ವಿನ್ | ಖಾಲಿ ಸ್ಟ್ರಿಪ್, ಭೇಟಿ ಕಾರ್ಡ್ | ರೋಗಿ ಫೋನಿಗೆ ಸಿಗುತ್ತಾನೆ |

1-3-7 ಎಂದರೆ ಮೊದಲ ದಿನದೊಳಗೆ ವರದಿ, 3 ದಿನದೊಳಗೆ ತನಿಖೆ, 7 ದಿನದೊಳಗೆ ಸುತ್ತಲಿನ ಕ್ರಮ. ದಿನ ಎಣಿಸುವುದು ಲ್ಯಾಬಿನಲ್ಲಿ ಪಾಸಿಟಿವ್ ಎಂದು ಬರೆದ ಗಳಿಗೆಯಿಂದ, ನಮ್ಮ ಕಚೇರಿಗೆ ಬಂದ ಗಳಿಗೆಯಿಂದಲ್ಲ. ಹೀಗೆ ಎಣಿಸದಿದ್ದರೆ ಶನಿವಾರದ ತಡ ಯಾವ ಲೆಕ್ಕದಲ್ಲೂ ಕಾಣಿಸುವುದಿಲ್ಲ.

ಚಟುವಟಿಕೆಗಳು

*ಲಾರ್ವಾ ಸರ್ವೆ.* ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಹೋದರೆ ಹೋಗದಿದ್ದಂತೆಯೇ. ವಾರ್ಡಿಗೆ ಸರಾಸರಿ 20 ಸೈಟುಗಳಂತೆ 240 ಸೈಟು ಹಿಡಿದಿದ್ದೇವೆ. ಒಬ್ಬರು ದಿನಕ್ಕೆ 8 ಸೈಟು, ವಾರಕ್ಕೆ 5 ದಿನ, ಅಂದರೆ 40 ಸೈಟು ನೋಡಬಲ್ಲರು. 6 ಜನ ಬೇಕು. ರಜೆ, ಕಾಯಿಲೆಗೆ ಸೇರಿಸಿ 7. ಈ ಏಳನೆಯವರನ್ನು ಮಂಜೂರಾತಿಯಲ್ಲಿ ಕತ್ತರಿಸಬಾರದು. ಒಬ್ಬರು ಗೈರಾದರೆ 40 ಸೈಟುಗಳ ಚಕ್ರ ತಪ್ಪುತ್ತದೆ.

ಬರಿದು ಮಾಡಬಹುದಾದ ನೀರನ್ನು ಚೆಲ್ಲಿಸುವುದೇ ಮೊದಲ ಕೆಲಸ. ಕ್ಯೂರಿಂಗ್ ನೀರಿಗೆ ವಾರದಲ್ಲಿ ಒಂದು ಒಣ ದಿನ ಕೊಡಿಸಲು ಸೈಟ್ ಇಂಜಿನಿಯರ್ ಜತೆ ಮಾತಾಡಬೇಕು. ಇಂಜಿನಿಯರ್ ಒಪ್ಪದಿದ್ದರೆ, ಮತ್ತು ಚೆಲ್ಲಲಾಗದ ಲಿಫ್ಟ್ ಗುಂಡಿಗಳಿಗೆ, ಲಾರ್ವಾನಾಶಕ ಟೆಮೆಫಾಸ್ 50 ಇಸಿ: 10 ಲೀಟರ್ ನೀರಿಗೆ 2.5 ಮಿ.ಲೀ. ಬೆರೆಸಿ ಚದರ ಮೀಟರ್‌ಗೆ 20 ಮಿ.ಲೀ. ಸಿಂಪಡಣೆ, ವಾರಕ್ಕೊಮ್ಮೆ. ಬಾವಿಗೆ ಗಪ್ಪಿ ಮೀನು. ಓವರ್‌ಹೆಡ್ ಟ್ಯಾಂಕಿಗೆ ಸೊಳ್ಳೆ ನುಸುಳದ ಮುಚ್ಚಳ. ಓವರ್‌ಫ್ಲೋ ಪೈಪಿನ ಬಾಯಿಗೂ ಬಲೆ ಕಟ್ಟಿಸಬೇಕು, ಹೆಚ್ಚಾಗಿ ಮರೆತುಹೋಗುವುದು ಅದೇ.

*ಖಾಸಗಿ ಲ್ಯಾಬ್.* ಪ್ರತಿ ಲ್ಯಾಬಿಗೆ ಒಬ್ಬ ಜವಾಬ್ದಾರಿ ವ್ಯಕ್ತಿಯ ಹೆಸರು ಬರೆದಿಟ್ಟುಕೊಳ್ಳಬೇಕು. ಶನಿವಾರ, ಭಾನುವಾರ ಸರದಿಯ ಮೇಲೆ ಒಬ್ಬರು ವರದಿ ಸ್ವೀಕರಿಸುತ್ತಾರೆ. ಪಾಸಿಟಿವ್ ಸ್ಲೈಡ್‌ಗಳೆಲ್ಲವೂ, ನೆಗೆಟಿವ್‌ನಲ್ಲಿ ಶೇ. 5 ಮರುಪರಿಶೀಲನೆಗೆ ಹೋಗುತ್ತವೆ.

*ಚಿಕಿತ್ಸೆ ಹಿಂಬಾಲಿಸುವುದು.* ಕ್ಲೋರೊಕ್ವಿನ್ 3 ದಿನದಲ್ಲಿ ಮುಗಿಯುತ್ತದೆ, ಜ್ವರವೂ ಇಳಿಯುತ್ತದೆ. ಪಿತ್ತಜನಕಾಂಗದಲ್ಲಿ ಅಡಗಿದ ವೈವ್ಯಾಕ್ಸ್ ಹೋಗಬೇಕಾದರೆ ಪ್ರೈಮಾಕ್ವಿನ್ 14 ದಿನ ಬೇಕು, ವಯಸ್ಕರಿಗೆ ದಿನಕ್ಕೆ 15 ಮಿ.ಗ್ರಾಂ. ಇಲ್ಲದಿದ್ದರೆ ಅದೇ ರೋಗಿ ಕೆಲವು ತಿಂಗಳ ಮೇಲೆ ಮತ್ತೆ ಜ್ವರ ಹಿಡಿದು ಬರುತ್ತಾನೆ, ದಾಖಲೆಯಲ್ಲಿ ಹೊಸ ಪ್ರಕರಣವಾಗುತ್ತಾನೆ. 1, 2, 3, 7, 14ನೇ ದಿನ ಭೇಟಿ. ಗರ್ಭಿಣಿಯರಿಗೆ, ಒಂದು ವರ್ಷದೊಳಗಿನ ಮಕ್ಕಳಿಗೆ ಪ್ರೈಮಾಕ್ವಿನ್ ಇಲ್ಲ. ಜಿ6ಪಿಡಿ ಕೊರತೆ ಇರುವವರ ವಿಷಯ ವೈದ್ಯಾಧಿಕಾರಿಯ ತೀರ್ಮಾನಕ್ಕೆ. ಮೂತ್ರ ಕಪ್ಪಾದರೆ ಮಾತ್ರೆ ನಿಲ್ಲಿಸಿ ಕೂಡಲೇ ಬರಬೇಕು ಎಂದು ಕಾರ್ಡಿನಲ್ಲಿ ರೋಗಿಯ ಭಾಷೆಯಲ್ಲೇ ಮುದ್ರಿಸಬೇಕು.

ಯೋಜನೆಯನ್ನು ಕೊಲ್ಲಬಲ್ಲ ಊಹೆ

'ಕಾರ್ಮಿಕ 14 ದಿನ ಅದೇ ಸೈಟಿನಲ್ಲಿ ಇರುತ್ತಾನೆ' ಎಂಬುದು ಮೊದಲ ಕರಡಿನ ಊಹೆ. ಅದು ನಿಜವಾಗುವ ಸಂಭವ ಕಡಿಮೆ, ಸುಳ್ಳಾದರೆ ಫಲಿತ 3 ಪೂರಾ ಕುಸಿಯುತ್ತದೆ. ಇಂಥ ಊಹೆಯನ್ನು ಕಾಲಮಿನಲ್ಲಿ ಬರೆದು ಸುಮ್ಮನಾಗುವಂತಿಲ್ಲ, ವಿನ್ಯಾಸವನ್ನೇ ಬದಲಿಸಬೇಕು. ಆದ್ದರಿಂದ ರೋಗಿಯ ಮತ್ತು ಮೇಸ್ತ್ರಿಯ ಎರಡೂ ಫೋನ್ ಸಂಖ್ಯೆ ಮೊದಲ ದಿನವೇ ದಾಖಲು. ರೋಗಿ ಹೊರಟರೆ ಉಳಿದ ಮಾತ್ರೆಗಳನ್ನು ಎಣಿಸಿ ಕೈಗೆ ಕೊಟ್ಟು, ಹೋಗುವ ಊರಿನ ಜಿಲ್ಲಾ ಮಲೇರಿಯಾ ಕಚೇರಿಗೆ ಅಂದೇ ಮಾಹಿತಿ. ಹೀಗೆ ಹೋದವರನ್ನು ಶೇ. 85ರ ಲೆಕ್ಕದಿಂದ ಬಿಡುವಂತಿಲ್ಲ. ಬಿಟ್ಟರೆ ಸಂಖ್ಯೆ ಚೆಂದ ಕಾಣುತ್ತದೆ, ರೋಗ ಹಾಗೆಯೇ ಇರುತ್ತದೆ.

ಡೆಂಗಿ ಕರ್ತವ್ಯಕ್ಕೆ ಸಿಬ್ಬಂದಿ ಎಳೆಯುವುದನ್ನು ತಡೆಯಲಾಗದು. ಆದರೆ ಸೈಟಿಗೆ ಹೋದವರು ಒಂದೇ ಭೇಟಿಯಲ್ಲಿ ಈಡಿಸ್, ಅನಾಫಿಲಿಸ್ ಎರಡರ ಲಾರ್ವಾವನ್ನೂ ನೋಡಿ ಒಂದೇ ನಮೂನೆಯಲ್ಲಿ ಬರೆಯಬಹುದು.

ವೇಳಾಪಟ್ಟಿ ಮತ್ತು ಪರಾಮರ್ಶೆ

ಏಪ್ರಿಲ್: ಸೈಟುಗಳ ಪಟ್ಟಿ, ನೇಮಕ, ಟೆಮೆಫಾಸ್ ಖರೀದಿ ಆದೇಶ. ಮೇ 20ರೊಳಗೆ ದಾಸ್ತಾನು ಕೈಗೆ ಬರಬೇಕು. ಮಳೆ ಶುರುವಾದ ಮೇಲೆ ಬಂದರೆ ಅರ್ಧ ಋತು ಕಳೆದಿರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಪ್ರತಿ ಸೋಮವಾರ ವಾರ್ಡ್‌ವಾರು ಪರಾಮರ್ಶೆ, ಆಮೇಲೆ ತಿಂಗಳಿಗೊಮ್ಮೆ. ಸಭೆಯಲ್ಲಿ ಮೊದಲು ಊಹೆಯ ಕಾಲಮನ್ನು ಓದಬೇಕು, ಆಮೇಲೆ ಸೂಚಕಗಳನ್ನು. ಯಾವುದಾದರೂ ಊಹೆ ಸತತ 2 ವಾರ ಸುಳ್ಳಾಗಿದ್ದರೆ ಜಿಲ್ಲಾ ರೋಗವಾಹಕ ಆಶ್ರಿತ ರೋಗಗಳ ನಿಯಂತ್ರಣಾಧಿಕಾರಿ ಆ ಫಲಿತದ ಚಟುವಟಿಕೆಗಳನ್ನು ಬದಲಿಸಿ, 3 ದಿನದೊಳಗೆ ಪಾಲಿಕೆಯ ಆರೋಗ್ಯಾಧಿಕಾರಿಗೆ ಲಿಖಿತವಾಗಿ ತಿಳಿಸುತ್ತಾರೆ.