ಮೇಲುಕೋಟೆ: ನೀರಿನ ಜಾಡು ಹಿಡಿದು ಒಂದು ದಿನದ ನಡಿಗೆ

(ಪ್ರವಾಸ ಪ್ರಚಾರ ಚಿತ್ರದ ನಿರೂಪಣಾ ಪಠ್ಯ. ಅವಧಿ ಸುಮಾರು 12 ನಿಮಿಷ. ನಿರೂಪಣೆಗೆ ಒಂದೇ ದನಿ. ಹಿನ್ನೆಲೆ ಸಂಗೀತ ಬೇಡ. ಸ್ಥಳದಲ್ಲೇ ಮುದ್ರಿಸಿಕೊಂಡ ಸದ್ದುಗಳನ್ನು ಮಾತ್ರ ಬಳಸುವುದು. ಡ್ರೋನ್ ಚಿತ್ರಿಕೆ ಇರುವುದಿಲ್ಲ. ಕ್ಯಾಮೆರಾ ಆದ್ಯಂತ ನಡೆಯುವವರ ಕಣ್ಣಿನ ಎತ್ತರದಲ್ಲಿಯೇ ಇರಬೇಕು.)

ದೃಶ್ಯ: ಕಲ್ಯಾಣಿ, ಬೆಳಗಿನ ಆರೂವರೆ. ಒದ್ದೆ ಮೆಟ್ಟಿಲುಗಳು, ಮಂಟಪದ ಕಂಬಗಳ ಸಾಲು.
ಧ್ವನಿ: ಕಲ್ಲಿನ ಮೇಲೆ ಬರಿಗಾಲು, ನೀರಿಗಿಳಿಯುವ ಬಿಂದಿಗೆ.

ನಿರೂಪಣೆ: ಮೇಲುಕೋಟೆಗೆ ಬರುವವರಲ್ಲಿ ಬಹಳ ಮಂದಿ ದೇವಸ್ಥಾನದ ಹತ್ತಿರ ಕಾರು ನಿಲ್ಲಿಸಿ, ಚೆಲುವನಾರಾಯಣನ ದರ್ಶನ ಮುಗಿಸಿ, ಪುಳಿಯೋಗರೆ ಕಟ್ಟಿಸಿಕೊಂಡು, ಬಿಸಿಲೇರುವ ಮೊದಲೇ ಮೈಸೂರಿನ ಕಡೆಗೋ ಬೆಂಗಳೂರಿನ ಕಡೆಗೋ ಹೊರಟುಬಿಡುತ್ತಾರೆ. ಈ ಊರಿಗೆ ಒಂದು ಇಡೀ ದಿನ ಕೊಡಿ, ಮತ್ತು ಆ ದಿನವನ್ನು ನಡೆದೇ ಕಳೆಯಿರಿ ಎಂಬುದು ನಮ್ಮ ಕೋರಿಕೆ. ಬಂಡೆಗಳ ನೆತ್ತಿಯ ಮೇಲಿರುವ ಮೇಲುಕೋಟೆಯ ಪಕ್ಕದಲ್ಲಿ ಯಾವ ನದಿಯೂ ಹರಿಯುವುದಿಲ್ಲ. ಬಿದ್ದ ಮಳೆಯನ್ನು ಕಲ್ಲುಕಟ್ಟಿದ ಕೊಳಗಳಲ್ಲಿ ಹಿಡಿದಿಟ್ಟುಕೊಂಡೇ ಊರು ಶತಮಾನಗಳ ಕಾಲ ಬಾಳಿದೆ. ಇಲ್ಲಿ ನೂರೆಂಟು ಕೊಳಗಳಿವೆಯೆಂದು ಹಿರಿಯರು ಹೇಳುವುದುಂಟು. ಆದ್ದರಿಂದ ನಮ್ಮ ನಡಿಗೆ ನೀರಿನಿಂದ ನೀರಿಗೆ ಸಾಗುತ್ತದೆ.

ಮೊದಲ ನೀರು ಕಲ್ಯಾಣಿಯದು. ಚಪ್ಪಲಿ ಮೇಲೆಯೇ ಬಿಟ್ಟು ಮೆಟ್ಟಿಲಿಳಿಯಿರಿ. ಮೇಲಿನ ಮೆಟ್ಟಿಲುಗಳು ಒರಟಾಗಿವೆ. ಕೆಳಗಿಳಿದಂತೆ ಲೆಕ್ಕವಿಲ್ಲದಷ್ಟು ಪಾದಗಳು ಸವೆಸಿದ ಕಲ್ಲು ಅಂಗಾಲಿಗೆ ನುಣುಪಾಗಿ ತಾಗುತ್ತದೆ, ಕೊನೆಯ ಮೆಟ್ಟಿಲುಗಳಲ್ಲಿ ಪಾಚಿ ಕಟ್ಟಿರುವುದರಿಂದ ಅಲ್ಲಿಗೆ ಸ್ವಲ್ಪ ಮೊದಲೇ ನಿಲ್ಲುವುದು ಕ್ಷೇಮ. ಈ ಹೊತ್ತಿನಲ್ಲಿ ಸ್ನಾನಕ್ಕೆ ಬಂದವರ ಮಂತ್ರವೂ, ದಡದ ಮಂಟಪದಲ್ಲಿ ಸೇರಿದ ಪಾರಿವಾಳಗಳ ರೆಕ್ಕೆಬಡಿತವೂ ನಾಲ್ಕೂ ಬದಿಯ ಕಲ್ಲಿಗೆ ತಾಗಿ ಹಿಂದಿರುಗುತ್ತವೆ. ಮಂಟಪದ ಕಟ್ಟೆಯ ಮೇಲೆ ಹತ್ತು ನಿಮಿಷ ಕುಳಿತರೆ, ಎದುರಿನ ಬೆಟ್ಟದ ತುದಿಯ ಗೋಪುರ ಬಿಸಿಲಿಗೆ ಮೊದಲು ಹೊಳೆದು, ಬೆಳಕು ನಿಧಾನವಾಗಿ ಬಂಡೆಯ ಮೈಯಿಂದ ನೀರಿನವರೆಗೆ ಇಳಿಯುವುದನ್ನು ಕಾಣಬಹುದು.

ದೃಶ್ಯ: ಯೋಗನರಸಿಂಹ ಬೆಟ್ಟದ ಮೆಟ್ಟಿಲು.
ಧ್ವನಿ: ಏದುಸಿರು, ಕೋತಿಗಳು, ಮೇಲೆ ಹೋದಂತೆ ಗಾಳಿ.

ನಿರೂಪಣೆ: ಕಲ್ಲು ಕಾಯುವ ಮೊದಲು ಬೆಟ್ಟ ಹತ್ತಬೇಕು. ಕೈಯಲ್ಲಿ ಬಾಳೆಹಣ್ಣಾಗಲೀ ಪ್ಲಾಸ್ಟಿಕ್ ಚೀಲವಾಗಲೀ ಕಂಡರೆ ಕೋತಿಗಳು ಬಿಡುವುದಿಲ್ಲ. ಏನಿದ್ದರೂ ಬಟ್ಟೆಯ ಚೀಲದೊಳಗೆ ಇರಲಿ. ನಡುದಾರಿಯ ಮಂಟಪಗಳಲ್ಲಿ ನಿಂತು ಉಸಿರು ತೆಗೆದುಕೊಳ್ಳುವಾಗ, ನೆರಳಿನಲ್ಲಿದ್ದ ಕಂಬಕ್ಕೆ ಬೆನ್ನು ಕೊಟ್ಟರೆ ರಾತ್ರಿಯ ತಂಪು ಅದರಲ್ಲಿ ಇನ್ನೂ ಉಳಿದಿರುವುದು ತಿಳಿಯುತ್ತದೆ. ಮೇಲೆ ಯೋಗಾಸನದಲ್ಲಿ ಕುಳಿತ ನರಸಿಂಹನಿದ್ದಾನೆ. ಇಲ್ಲಿ ಅವನನ್ನು ಪ್ರಹ್ಲಾದನೇ ಪ್ರತಿಷ್ಠಾಪಿಸಿದನೆಂಬುದು ಸ್ಥಳಪುರಾಣ.

ದರ್ಶನವಾದ ಮೇಲೆ ಹೊರಗೆ ಬಂದು ಕೆಳಗೆ ನೋಡಿರಿ. ಹತ್ತುವ ಮುನ್ನ ಕುಳಿತಿದ್ದ ಕಲ್ಯಾಣಿ ಈಗ ಹಸಿರು ಚೌಕವಾಗಿ ಕಾಣುತ್ತದೆ. ಅದರಾಚೆ ಹೆಂಚಿನ ಮಾಡುಗಳು, ಅವುಗಳ ನಡುವೆ ಚೆಲುವನಾರಾಯಣನ ಗುಡಿ, ಇನ್ನೂ ಆಚೆ ಕುರುಚಲು ಕಾಡಿನ ಗುಡ್ಡಗಳು. ಆ ಕಾಡಿನ ಒಂದು ಭಾಗವನ್ನು 1974ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಅದು ತೋಳಗಳ ನೆಲೆ. ಊರಿನ ಒಂದೊಂದು ಕೊಳವೂ ಯಾವ ಇಳಿಜಾರಿನ ನೀರನ್ನು ಕಾದು ಕುಳಿತಿದೆಯೆಂಬುದು ಈ ಎತ್ತರದಿಂದ ತಾನಾಗಿಯೇ ಅರ್ಥವಾಗುತ್ತದೆ. ಇದನ್ನು ನೋಡುವುದಕ್ಕಾಗಿಯೇ ನಡಿಗೆಯ ಆರಂಭದಲ್ಲಿ ಬೆಟ್ಟವನ್ನು ಇಟ್ಟಿದ್ದೇವೆ.

ದೃಶ್ಯ: ದೇವಸ್ಥಾನದ ಬೀದಿ. ಜಗಲಿ, ಮರದ ಕಂಬ, ಹೊಸದಾಗಿ ಬಿಟ್ಟ ರಂಗೋಲಿ. ಗುಡಿಯ ಬಾಗಿಲಲ್ಲಿ ಕ್ಯಾಮೆರಾ ನಿಲ್ಲುತ್ತದೆ; ಒಳಗಿನ ಮಾತಿಗೆ ಹೊರಗಿನ ಚಿತ್ರವೇ ಮುಂದುವರಿಯುತ್ತದೆ.
ಧ್ವನಿ: ದೂರದಿಂದ ನಾದಸ್ವರ, ಹತ್ತಿರದಲ್ಲಿ ಪೊರಕೆ.

ನಿರೂಪಣೆ: ಶ್ರೀರಾಮಾನುಜಾಚಾರ್ಯರು 12ನೇ ಶತಮಾನದಲ್ಲಿ ಇಲ್ಲಿ ನೆಲೆಸಿದ್ದರು. ನಾಮಕ್ಕೆ ಬಳಸುವ ತಿರುಮಣ್ಣು, ಅಂದರೆ ಬಿಳಿಯ ಜೇಡಿಮಣ್ಣು, ಈ ಊರಿನ ನೆಲದಲ್ಲಿಯೇ ಸಿಗುತ್ತದೆ. ಅಂಗಡಿಯಲ್ಲಿ ಒಂದು ಉಂಡೆಯನ್ನು ಕೊಂಡು, ಅಂಗೈಯ ಹನಿ ನೀರಿನಲ್ಲಿ ತೇದು ಮೂಗಿನ ಹತ್ತಿರ ಹಿಡಿದರೆ, ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ಸಣ್ಣಗೆ ಬರುತ್ತದೆ. ಆಚಾರ್ಯರಿಗೆ ದೇವರ ಮೂರ್ತಿ ದೊರೆತ ಕಥೆಯಲ್ಲಿಯೂ ಇದೇ ಬಿಳಿ ಮಣ್ಣು ಬರುತ್ತದೆ.

ಗುಡಿಯ ಒಳಗೆ ಎರಡು ಸಂಗತಿಗಳನ್ನು ದಯವಿಟ್ಟು ಗಮನಿಸಿರಿ. ನವರಂಗದ ಕಂಬವೊಂದರಲ್ಲಿ ಮೈಸೂರಿನ ದೊರೆ ರಾಜ ಒಡೆಯರು ಕೈಮುಗಿದು ನಿಂತಿರುವ ಚಿಕ್ಕ ಉಬ್ಬುಶಿಲ್ಪವಿದೆ. ಪೀಠದಲ್ಲಿ ಅವರ ಹೆಸರೂ ಇದೆ. ರಾಜಮುಡಿ ಎಂಬ ಕಿರೀಟವನ್ನು ದೇವರಿಗೆ ಅರ್ಪಿಸಿದ ದೊರೆ ಇವರೇ. ಇಷ್ಟೆಲ್ಲ ಕೊಟ್ಟವರು ಆಳೆತ್ತರದ ಪ್ರತಿಮೆಯನ್ನು ಬಯಸದೆ ಕಂಬದ ಮೇಲಿನ ಅಷ್ಟು ಜಾಗದಲ್ಲಿ ಭಕ್ತರಾಗಿ ನಿಂತಿದ್ದಾರೆ. ಎರಡನೆಯದು, ಉತ್ಸವಮೂರ್ತಿ ಚೆಲುವಪಿಳ್ಳೆಯ ಪಾದದ ಬಳಿಯಿರುವ ಬೀಬಿ ನಾಚ್ಚಿಯಾರ್. ದೆಹಲಿಯ ಸುಲ್ತಾನನ ವಶದಲ್ಲಿದ್ದ ಈ ಮೂರ್ತಿಯನ್ನು ಆಚಾರ್ಯರು ಮರಳಿ ತರುವಾಗ, ಸುಲ್ತಾನನ ಮಗಳು ಮೂರ್ತಿಯ ಮೇಲಿನ ಪ್ರೀತಿಯಿಂದ ಅದನ್ನು ಹಿಂಬಾಲಿಸಿ ಮೇಲುಕೋಟೆಗೆ ಬಂದು ಅದರಲ್ಲಿಯೇ ಐಕ್ಯಳಾದಳೆಂದು ಸಂಪ್ರದಾಯ ಹೇಳುತ್ತದೆ. ಮೂರ್ತಿಯನ್ನು ಮರಳಿ ತರುವ ಆ ಪಯಣದಲ್ಲಿ ನೆರವಾದವರನ್ನು ಆಚಾರ್ಯರು ತಿರುಕುಲದವರೆಂದು ಕರೆದು, ಅಸ್ಪೃಶ್ಯರೆಂದು ಹೊರಗಿಡಲಾಗಿದ್ದ ಅವರಿಗೆ ವರ್ಷದ ಕೆಲವು ದಿನಗಳ ಮಟ್ಟಿಗೆ ದೇವಸ್ಥಾನದ ಪ್ರವೇಶ ದೊರಕಿಸಿದರು. ಅದು ಕೆಲವೇ ದಿನಗಳ ಪ್ರವೇಶವಾಗಿತ್ತೆಂಬುದನ್ನೂ ಮರೆಯದೆ, ಅಷ್ಟು ಹಿಂದೆಯೇ ಒಬ್ಬರು ಆ ಬಾಗಿಲನ್ನು ತೆರೆಯಲು ಮುಂದಾದರೆಂಬುದನ್ನೂ ಮರೆಯದೆ ಇಲ್ಲಿ ನಿಲ್ಲಬೇಕು.

ಗುಡಿಯ ಸುತ್ತಲಿನ ಬೀದಿಗಳಲ್ಲಿ ಅವಸರ ಮಾಡಬೇಡಿರಿ. ಕವಿ ಪು.ತಿ. ನರಸಿಂಹಾಚಾರ್ ಅವರು 1905ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಳ್ಳಲಾಗಿದೆ. ಸಂಸ್ಕೃತ ಸಂಶೋಧನಾ ಸಂಸತ್ತಿನಲ್ಲಿ ತಾಳೆಗರಿಯ ಹಸ್ತಪ್ರತಿಗಳಿವೆ. ಕೈಮಗ್ಗದ ಪಂಚೆಗೆ ಹೆಸರಾಗಿದ್ದ ಊರಿನಲ್ಲಿ ಮಗ್ಗದ ಸದ್ದು ಈಗ ವಿರಳವಾಗಿದೆ. ಎಲ್ಲಿಯಾದರೂ ಕೇಳಿಸಿದರೆ ಬಾಗಿಲಲ್ಲಿ ನಿಂತು ಕೇಳಿಕೊಂಡು ಒಳಗೆ ಹೋಗಿರಿ, ಒಪ್ಪಿದ ಬಟ್ಟೆಯನ್ನು ಅಲ್ಲಿಯೇ, ಚೌಕಾಸಿ ಮಾಡದೆ ಕೊಳ್ಳಿರಿ.

ದೃಶ್ಯ: ಎಲೆಯ ಮೇಲೆ ಪುಳಿಯೋಗರೆ, ಬಹಳ ಹತ್ತಿರದಿಂದ.
ಧ್ವನಿ: ಎಣ್ಣೆಯಲ್ಲಿ ಸಿಡಿಯುವ ಸಾಸಿವೆ.

ನಿರೂಪಣೆ: ಹುಣಸೆಯ ರಸವನ್ನು ಬೆಲ್ಲ, ಉಪ್ಪು, ಅರಿಶಿನದೊಂದಿಗೆ ಎಣ್ಣೆ ಬಿಡುವ ತನಕ ಕುದಿಸಿ ಗೊಜ್ಜು ಮಾಡಿ, ಹುರಿದ ಎಳ್ಳು, ಮೆಣಸು, ಕೊಬ್ಬರಿಯ ಪುಡಿಯೊಂದಿಗೆ ಅದನ್ನು ಉದುರುದುರಾದ ಅನ್ನಕ್ಕೆ ಕಲಸುತ್ತಾರೆ. ಒಳ್ಳೆಯ ಪುಳಿಯೋಗರೆಯಲ್ಲಿ ಪ್ರತಿ ಅಗುಳೂ ಬಿಡಿಯಾಗಿದ್ದು ಎಣ್ಣೆಯಲ್ಲಿ ಮಿನುಗುತ್ತದೆ. ನಾಲಿಗೆಗೆ ಮೊದಲು ಹುಳಿ ತಾಗುತ್ತದೆ, ಹಿಂದೆಯೇ ಬೆಲ್ಲ ಬರುತ್ತದೆ, ಮೆಣಸಿನ ಖಾರ ನುಂಗಿದ ಮೇಲೆ ಗಂಟಲಲ್ಲಿ ಉಳಿಯುತ್ತದೆ. ಕಟ್ಟಿಸಿಕೊಂಡು ಹೋಗುವ ಬದಲು ಜಗಲಿಯ ನೆರಳಿನಲ್ಲಿ ಕುಳಿತು ತಿನ್ನಿರಿ, ಜೊತೆಗೆ ಸಕ್ಕರೆ ಪೊಂಗಲ್ ಇರಲಿ. ಮಧ್ಯಾಹ್ನದ ಬಿಸಿಲಿನಲ್ಲಿ ಬಂಡೆಯ ಮೇಲೆ ನಡೆಯುವುದು ಬೇಡ; ಊರೇ ವಿಶ್ರಮಿಸುವ ಆ ಹೊತ್ತಿನಲ್ಲಿ ನೀವೂ ವಿಶ್ರಮಿಸಿರಿ.

ದೃಶ್ಯ: ರಾಯಗೋಪುರ, ಸಂಜೆ ನಾಲ್ಕೂವರೆ. ಬಳಿಕ ಅಕ್ಕ-ತಂಗಿ ಕೊಳ.
ಧ್ವನಿ: ಕಂಬಗಳ ನಡುವೆ ಗಾಳಿ, ಅನಂತರ ಕಪ್ಪೆಗಳು.

ನಿರೂಪಣೆ: ನಾಲ್ಕು ಎತ್ತರದ ಕಂಬಗಳು ಬಯಲಿನಲ್ಲಿ ನಿಂತಿವೆ, ಅವುಗಳ ಮೇಲೆ ಗೋಪುರ ಏಳಲೇ ಇಲ್ಲ. ಕಂಬದ ಬುಡದ ಕೆತ್ತನೆಗಳ ಮೇಲೆ ಈ ಹೊತ್ತಿನ ಓರೆ ಬಿಸಿಲು ಬಿದ್ದಾಗ, ನಡುಹಗಲಿನಲ್ಲಿ ಕಾಣದ ಬೆರಳು, ಒಡವೆ, ನೆರಿಗೆಗಳು ಒಂದೊಂದಾಗಿ ಎದ್ದು ಬರುತ್ತವೆ. ಸಿನಿಮಾಗಳಲ್ಲಿ ಈ ಕಂಬಗಳನ್ನು ನೋಡಿದವರು ಬಹಳ ಮಂದಿ ಇದ್ದಾರೆ. ಆದರೆ ಕಟ್ಟಡ ನಿಂತುಹೋದ ಜಾಗದಲ್ಲಿ ಶಿಲ್ಪಿಯ ಕೆಲಸ ಎಲ್ಲಿಯವರೆಗೆ ಬಂದಿತ್ತೆಂದು ತಿಳಿಯಲು ಹತ್ತಿರ ಹೋಗಿಯೇ ನೋಡಬೇಕು. ಕಲ್ಲಿನ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ದಯವಿಟ್ಟು ತಡೆಯಿರಿ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಪಕ್ಕಪಕ್ಕದಲ್ಲಿ ಎರಡು ಕೊಳಗಳಿವೆ. ಇಬ್ಬರು ಸೋದರಿಯರು ಕಟ್ಟಿಸಿದ್ದೆಂದು ಜನ ಹೇಳುತ್ತಾರೆ. ಒಂದೇ ಬಂಡೆಯ ಮಗ್ಗುಲಲ್ಲಿ ಒಂದೇ ಮಳೆಯಿಂದ ತುಂಬಿದರೂ ಎರಡರ ನೀರು ಒಂದೇ ಅಲ್ಲ. ಒಂದರ ನೀರು ಕುಡಿಯಲು, ಇನ್ನೊಂದರದು ಉಳಿದ ಬಳಕೆಗೆ ಎಂಬ ರೂಢಿ ಹಿಂದಿನಿಂದ ಬಂದಿದೆ. ಎರಡರ ನಡುವಿನ ಕಲ್ಲಿನ ಮೇಲೆ ನಿಂತು ಒಂದೊಂದನ್ನೂ ನೋಡಿರಿ. ಸೋಪು, ಶಾಂಪೂ, ಪೂಜೆಯ ಪ್ಲಾಸ್ಟಿಕ್ ಕವರು ಯಾವುದೂ ಈ ನೀರಿಗೆ ಇಳಿಯಬಾರದು. ಹರಿಯದ ನೀರು ಬಿದ್ದದ್ದನ್ನೆಲ್ಲ ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ.

ಕಾಲಿನಲ್ಲಿ ಇನ್ನೂ ಶಕ್ತಿಯಿದ್ದರೆ ಧನುಷ್ಕೋಟಿಗೆ ಹೋಗಬಹುದು. ಸೀತೆಯ ಬಾಯಾರಿಕೆಗೆ ರಾಮನು ಬಾಣ ಬಿಟ್ಟು ಬಂಡೆಯಿಂದ ನೀರು ತಂದ ಸ್ಥಳವೆಂದು ಅದನ್ನು ನಂಬುತ್ತಾರೆ. ಬೆಳಕು ಇರುವಾಗಲೇ ಹಿಂದಿರುಗಿರಿ.

ದೃಶ್ಯ: ವೈರಮುಡಿ ಉತ್ಸವದ ರಾತ್ರಿ, ಜನರ ನಡುವಿನಿಂದ.
ಧ್ವನಿ: ಜನಸಾಗರದ ಸದ್ದು, ವಾದ್ಯ.

ನಿರೂಪಣೆ: ಮಾರ್ಚ್–ಏಪ್ರಿಲ್‌ನಲ್ಲಿ ಬರುವ ವೈರಮುಡಿ ಉತ್ಸವದಂದು ಈ ನಡಿಗೆ ಸಾಧ್ಯವಿಲ್ಲ, ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಂಡ್ಯದ ಜಿಲ್ಲಾ ಖಜಾನೆಯಲ್ಲಿರುವ ವಜ್ರದ ಕಿರೀಟವನ್ನು ಪೊಲೀಸ್ ಕಾವಲಿನಲ್ಲಿ ತಂದು, ಗರುಡನ ಮೇಲೆ ಕುಳಿತ ಚೆಲುವಪಿಳ್ಳೆಗೆ ತೊಡಿಸಿ ರಾತ್ರಿ ಮೆರವಣಿಗೆ ಮಾಡುತ್ತಾರೆ. ಹಗಲಿನ ಬೆಳಕು ಅದರ ಮೇಲೆ ಬೀಳಬಾರದೆಂಬುದು ನಿಯಮ. ಆ ರಾತ್ರಿಗಾಗಿ ಬೇರೆಯಾಗಿ ಬನ್ನಿರಿ. ನಡಿಗೆಗೆ ಹಿತವಾದ ಕಾಲ ಮಳೆಗಾಲ ಮುಗಿದ ಮೇಲಿನ ತಿಂಗಳುಗಳು. ಆಗ ಕೊಳಗಳು ತುಂಬಿರುತ್ತವೆ, ಕಲ್ಲು ಅಷ್ಟಾಗಿ ಕಾಯುವುದಿಲ್ಲ.

ದೃಶ್ಯ: ಬಸ್ ನಿಲ್ದಾಣ. ಪರದೆಯ ಮೇಲೆ ದಾರಿಯ ವಿವರ.

ನಿರೂಪಣೆ: ಮೇಲುಕೋಟೆ ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನಲ್ಲಿದೆ, ಮೈಸೂರಿನಿಂದ ಸುಮಾರು 50 ಕಿಲೋಮೀಟರ್, ಬೆಂಗಳೂರಿನಿಂದ ಸುಮಾರು 130 ಕಿಲೋಮೀಟರ್. ಮೈಸೂರು, ಮಂಡ್ಯ, ಪಾಂಡವಪುರಗಳಿಂದ ಬಸ್ಸುಗಳಿವೆ. ನೇರ ಬಸ್ಸು ಸಿಗದಿದ್ದರೆ ಜಕ್ಕನಹಳ್ಳಿಯಲ್ಲಿ ಇಳಿದು ಮೇಲುಕೋಟೆಯ ಬಸ್ಸು ಹಿಡಿಯಬಹುದು. ಹಿಂದಿನ ಸಂಜೆಯೇ ಬಂದು ಉಳಿದುಕೊಂಡರೆ ಬೆಳಗಿನ ಕಲ್ಯಾಣಿ ತಪ್ಪುವುದಿಲ್ಲ. ಸುಲಭವಾಗಿ ಬಿಚ್ಚಿ ತೊಡಬಹುದಾದ ಚಪ್ಪಲಿ, ತಲೆಗೊಂದು ಟವೆಲ್ಲು ಮತ್ತು ತುಂಬಿಸಿಕೊಳ್ಳಬಹುದಾದ ನೀರಿನ ಬಾಟಲಿ ಜೊತೆಗಿರಲಿ.