ಕಟ್ಟ ಕಟ್ಟಿ ಮುಗಿಸಿದ ಸಂಜೆಯ ಧನ್ಯವಾದ

ಎಲ್ಲರಿಗೂ ನಮಸ್ಕಾರ. ತೋಡಿಗೆ ಅಡ್ಡಲಾಗಿ ನೀರು ತಡೆದು ನಿಲ್ಲಿಸುವ ನಮ್ಮ ಮಣ್ಣಿನ ಕಟ್ಟ ಎದ್ದು ನಿಂತಿದೆ. ಹಲಗೆಗಳ ಸಂದಿಗೆ ಮಣ್ಣನ್ನು ಸುಮ್ಮನೆ ಸುರಿದಿದ್ದರೆ ಬೆಳಗಾಗುವುದರೊಳಗೆ ತೋಡಿನ ನೀರು ಕೊಚ್ಚಿಕೊಂಡು ಹೋಗುತ್ತಿತ್ತು. ಗೇಣು ಗೇಣು ಮಣ್ಣು ಹಾಕಿ, ಪ್ರತಿ ಪದರವನ್ನೂ ಕಾಲಲ್ಲಿ ತುಳಿದೇ ಮೇಲೇರಬೇಕು ಎಂದು ನೀರಲ್ಲಿ ನಿಂತು ತೋರಿಸಿಕೊಟ್ಟ ಹಿರಿಯರಿಗೆ, ಬದಿಯಡ್ಕದಿಂದ ಬಸ್ಸಿಳಿದು ಬಂದು ಅದೇ ರೀತಿ ತುಳಿದ ಕಾಲೇಜು ಮಕ್ಕಳಿಗೆ ಮನಸಾರೆ ಧನ್ಯವಾದ. ಆ ಮಕ್ಕಳ ಕಾಲಿನ ಕೆಸರು ಇನ್ನೂ ಒಣಗಿಲ್ಲ.

ಅಡಿಕೆ ಮರ ಕೊಟ್ಟವರನ್ನು, 60 ಮಂದಿಗೆ ಗಂಜಿ-ಚಟ್ನಿ ಬಡಿಸಿದ ಅಕ್ಕಂದಿರನ್ನು ನಾವು ಮರೆಯುವುದಿಲ್ಲ. ಕೆಳಗಿನ ತೋಟದವರಿಗಂತೂ ವಿಶೇಷವಾಗಿ ಕೈಮುಗಿಯುತ್ತೇವೆ: ಕಟ್ಟ ತುಂಬುವ ತನಕ ತಮ್ಮತ್ತ ಹರಿವು ಕಡಿಮೆಯಾಗುತ್ತದೆಂದು ತಿಳಿದೂ ನೀವು ಒಪ್ಪಿದಿರಿ. ತುಂಬಿ ಹರಿಯುವ ದಿನ ಮೊದಲು ನಿಮಗೇ ತಿಳಿಸುತ್ತೇವೆ.

ಪಾಯಸ ಸಿದ್ಧವಾಗಿದೆ. ಎಲ್ಲರೂ ಕೂತು, ಕುಡಿದೇ ಹೋಗಬೇಕು.